ಫೋನಿನಲ್ಲಿ ಒಪ್ಪಿದ ದರ, ಮೇಲ್‌ನಲ್ಲಿ ಬಯಲಾದ ವ್ಯತ್ಯಾಸ: ಒಂದು ಪ್ರಕರಣ

ಇದು ನಾನೇ ನಿಭಾಯಿಸಿದ ಪ್ರಕರಣ. ಸಂಸ್ಥೆಯ ಹೆಸರು, ಊರು, ವ್ಯಕ್ತಿಗಳ ಗುರುತು ಬಿಟ್ಟಿದ್ದೇನೆ. ನಿಜವಾದ ಮೊತ್ತಗಳನ್ನೂ ಹೇಳಿಲ್ಲ. ಕನ್ಸಲ್ಟೆಂಟ್‌ರ ಒಂದು ದಿನದ ದರ 100 ಎಂದಿಟ್ಟುಕೊಂಡು ಉಳಿದ ಅಂಕಿಗಳನ್ನೆಲ್ಲ ಅದೇ ಅಳತೆಗೆ ಹೊಂದಿಸಿದ್ದೇನೆ. ಲೆಕ್ಕದ ಅನುಪಾತ ಮಾತ್ರ ನಡೆದಂತೆಯೇ ಇದೆ.

ಹಿನ್ನೆಲೆ

ನಮ್ಮದು ಮಧ್ಯಮ ಗಾತ್ರದ ವಿತರಣಾ ಸಂಸ್ಥೆ. ಗೋದಾಮಿನ ದಾಸ್ತಾನು ಲೆಕ್ಕ ಹಳೆಯ ತಂತ್ರಾಂಶವೊಂದರಲ್ಲಿತ್ತು, ಅದನ್ನು ಹೊಸದಕ್ಕೆ ಸಾಗಿಸಬೇಕಿತ್ತು. ಇಂಥ ಕೆಲಸ ಹಲವು ಸಲ ಮಾಡಿದ್ದ ಸ್ವತಂತ್ರ ಕನ್ಸಲ್ಟೆಂಟ್ ಒಬ್ಬರನ್ನು ನಮ್ಮ ನಿರ್ದೇಶಕಿ ಹುಡುಕಿದರು. ಗುರುವಾರ ಸಂಜೆ ಇಬ್ಬರೂ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ದರ ಕುದುರಿತು, ಸೋಮವಾರ ಬೆಳಿಗ್ಗೆ ಕೆಲಸ ಶುರು ಎಂದಾಯಿತು.

ಸಂಸ್ಥೆಯಲ್ಲಿ ಲೆಕ್ಕಪತ್ರ ಮತ್ತು ಒಪ್ಪಂದಗಳು ನನ್ನ ಜವಾಬ್ದಾರಿ. ಪೂರ್ಣ ಕರಾರುಪತ್ರ ವಕೀಲರ ಕೈದಾಟಿ ಬರಲು ಎರಡು ವಾರವಾದರೂ ಬೇಕು. ಅಷ್ಟು ಕಾಯುವ ಸ್ಥಿತಿಯಲ್ಲಿ ನಾವಿರಲಿಲ್ಲ, ಹಳೆಯ ತಂತ್ರಾಂಶದ ಪರವಾನಗಿ ಮುಗಿಯುವ ದಿನ ಹತ್ತಿರ ಬಂದಿತ್ತು. ಹಾಗಾಗಿ ಕರಾರುಪತ್ರ ಬರುವವರೆಗೆ ಒಂದು ಮೇಲ್‌ನಿಂದ ಕೆಲಸ ನಡೆಸುವುದೆಂದು ನಿರ್ಧರಿಸಿದೆವು.

ಶುಕ್ರವಾರ ಬೆಳಿಗ್ಗೆ ನಿರ್ದೇಶಕಿಯವರ ಮುಂದೆ ಕೂತು, "ನಿನ್ನೆ ಏನೇನು ಮಾತಾಯಿತು, ಒಂದೊಂದಾಗಿ ಹೇಳಿ ಮೇಡಂ" ಎಂದೆ. ಅವರು ಒಂದು ಡೆಲಿವರಿ ಚೀಟಿ ತಿರುಗಿಸಿ ತೋರಿಸಿದರು. ಅದರ ಬೆನ್ನಿಗೆ ಪೆನ್ಸಿಲ್‌ನಲ್ಲಿ "100 × 12" ಎಂದಷ್ಟೇ ಇತ್ತು. ದಿನಕ್ಕೆ ನೂರು, ಸುಮಾರು ಹನ್ನೆರಡು ದಿನ.

"ದಿನ ಅಂದರೆ ಎಷ್ಟು ಗಂಟೆ?"

"ಎಂಟು ಇರಬೇಕು. ಎಲ್ಲರದ್ದೂ ಎಂಟೇ ಅಲ್ಲವಾ?"

"ತೆರಿಗೆ ಸೇರಿ ನೂರೋ, ತೆರಿಗೆ ಬಿಟ್ಟೋ?"

ಅದು ಮಾತಿಗೆ ಬಂದಿರಲೇ ಇಲ್ಲ.

ಮೊದಲ ಮೇಲ್, ಮತ್ತು ಅದು ಏಕೆ ಸಾಲಲಿಲ್ಲ

ಅಂದು ಮಧ್ಯಾಹ್ನ ನಾನು ಕಳಿಸಿದ ಮೊದಲ ಮೇಲ್ ಎಲ್ಲರೂ ಬರೆಯುವಂಥದ್ದೇ:

> ನಿನ್ನೆ ಫೋನಿನಲ್ಲಿ ಮಾತಾಡಿದಂತೆ, ದಿನಕ್ಕೆ 100ರ ದರದಲ್ಲಿ ಸುಮಾರು 12 ದಿನಗಳ ಕೆಲಸಕ್ಕೆ ನಮ್ಮ ಒಪ್ಪಿಗೆ ಇದೆ. ಸೋಮವಾರ ಶುರು ಮಾಡೋಣ. ದಯವಿಟ್ಟು ಖಚಿತಪಡಿಸಿ.

ಹತ್ತೇ ನಿಮಿಷದಲ್ಲಿ ಉತ್ತರ ಬಂತು: "ಸರಿ, ಸೋಮವಾರ ಸಿಗೋಣ."

ದಾಖಲೆ ಸಿಕ್ಕಿತು, ಇಲ್ಲಿಗೇ ನಿಲ್ಲಿಸಬಹುದಿತ್ತು. ನಿರ್ದೇಶಕಿಯವರ ಅಭಿಪ್ರಾಯವೂ ಅದೇ. ಆದರೆ ನನಗೆ ಆ ಉತ್ತರ ಸಮಾಧಾನ ಕೊಡಲಿಲ್ಲ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಎಷ್ಟೋ ಕಡೆ ಕಾನೂನು ಅದನ್ನು ಒಪ್ಪಂದವೆಂದೇ ಒಪ್ಪುತ್ತದೆ. ತೊಡಕಿರುವುದು ಏನು ಒಪ್ಪಿದೆವು ಎಂದು ತೋರಿಸುವುದರಲ್ಲಿ. ನನ್ನ ಮೇಲ್ ಅದನ್ನು ತೋರಿಸುತ್ತಿರಲಿಲ್ಲ. ಫೋನಿನಲ್ಲಿ ಅಸ್ಪಷ್ಟವಾಗಿದ್ದ ಮಾತನ್ನು ಅಷ್ಟೇ ಅಸ್ಪಷ್ಟವಾಗಿ ಅಕ್ಷರಕ್ಕಿಳಿಸಿದ್ದೆ. "ದಿನ" ಎಂಬ ಪದಕ್ಕೆ ನನ್ನ ಮನಸ್ಸಿನಲ್ಲಿ ಒಂದು ಅರ್ಥ, ಅವರ ಮನಸ್ಸಿನಲ್ಲಿ ಇನ್ನೊಂದು ಅರ್ಥ ಇದ್ದರೂ ಇಬ್ಬರೂ ನಿಶ್ಚಿಂತೆಯಿಂದ "ಸರಿ" ಎನ್ನಬಹುದಿತ್ತು. ಅಂಥ "ಸರಿ" ಬಿಲ್ ಬಂದ ದಿನ ಯಾರ ನೆರವಿಗೂ ಬರುವುದಿಲ್ಲ.

ಹಾಗೆಂದು ಇಪ್ಪತ್ತು ಷರತ್ತುಗಳ ಪಟ್ಟಿ ಕಳಿಸಲೂ ಮನಸ್ಸಾಗಲಿಲ್ಲ. ಅಂಥ ಪಟ್ಟಿಯನ್ನು ಜನ ಓದದೇ ಒಪ್ಪುತ್ತಾರೆ, ಇಲ್ಲವೇ ಓದಿ ಮುನಿಸಿಕೊಳ್ಳುತ್ತಾರೆ. ಅವರು ನಿಜವಾಗಿ ಬಿಲ್ ಹೇಗೆ ಮಾಡುತ್ತಾರೆ ಎಂಬುದು ಅವರ ಕೈಯಿಂದಲೇ ಹೊರಬರಬೇಕಿತ್ತು.

ಕಲ್ಪಿತ ವಾರದ ಬಿಲ್

ಶುಕ್ರವಾರ ಸಂಜೆ ಎರಡನೇ ಮೇಲ್ ಬರೆದೆ. ಅದರಲ್ಲಿ ಒಂದು ಕಲ್ಪಿತ ವಾರ ಇಟ್ಟೆ. ಸೋಮವಾರ ನಮ್ಮ ಗೋದಾಮಿನಲ್ಲಿ 8 ಗಂಟೆ ಕೆಲಸ. ಮಂಗಳವಾರ ತಮ್ಮ ಮನೆಯಿಂದಲೇ 3 ಗಂಟೆ. ಬುಧವಾರ ಕೆಲಸ ಎಳೆದು 10 ಗಂಟೆ. ಗುರುವಾರ 1 ಗಂಟೆ ಫೋನ್ ಮಾತುಕತೆ ಮಾತ್ರ. ಶುಕ್ರವಾರ ನಮ್ಮ ಇನ್ನೊಂದು ಗೋದಾಮಿಗೆ ಹೋಗಿಬರಲು 4 ಗಂಟೆ, ಅಲ್ಲಿ ಕೆಲಸ 4 ಗಂಟೆ. "ಈ ವಾರಕ್ಕೆ ನಿಮ್ಮ ಬಿಲ್ ಎಷ್ಟಾಗುತ್ತದೆ, ದಿನವಾರು ಬರೆದು ಕಳಿಸುತ್ತೀರಾ? ನಮ್ಮ ಲೆಕ್ಕವೂ ನಿಮ್ಮ ಲೆಕ್ಕವೂ ಒಂದೇ ಆಗಿದ್ದರೆ ಮುಂದೆ ಮಾತೇ ಬೇಕಿಲ್ಲ" ಎಂದು ಕೇಳಿದೆ.

ಕಳಿಸುವ ಮೊದಲು ನಿರ್ದೇಶಕಿಯವರಿಂದ ಅವರ ಲೆಕ್ಕ ಬರೆಸಿಕೊಂಡೆ. ಈ ಹೆಜ್ಜೆ ಬಿಟ್ಟಿದ್ದರೆ ಆಮೇಲೆ ಕನ್ಸಲ್ಟೆಂಟ್‌ರ ಉತ್ತರ ನೋಡಿ "ಹೌದು, ನಾವೂ ಹಾಗೇ ಅಂದುಕೊಂಡಿದ್ದೆವು" ಎಂದುಬಿಡುವ ಅಪಾಯವಿತ್ತು. ನೆನಪು ಎದುರಿಗೆ ಬಂದ ಅಂಕಿಗೆ ಬಲು ಬೇಗ ಒಗ್ಗಿಕೊಳ್ಳುತ್ತದೆ.

ನಿರ್ದೇಶಕಿಯವರ ಲೆಕ್ಕದಲ್ಲಿ ಸೋಮವಾರ 100. ಮಂಗಳವಾರ ಮೂರು ಗಂಟೆಗೆ 37.5. ಬುಧವಾರ ಹತ್ತು ಗಂಟೆಯಾದರೂ ದಿನ ದಿನವೇ, ಆದ್ದರಿಂದ 100. ಗುರುವಾರದ ಫೋನಿಗೆ ಏನೂ ಇಲ್ಲ. ಶುಕ್ರವಾರ ಕೆಲಸದ ನಾಲ್ಕು ಗಂಟೆಗೆ ಮಾತ್ರ 50. ಒಟ್ಟು 287.5, ತೆರಿಗೆ ಅದರೊಳಗೇ.

ಶನಿವಾರ ಮಧ್ಯಾಹ್ನ ಉತ್ತರದ ಬದಲು ಫೋನ್ ಬಂತು. ಅವರ ದನಿಯಲ್ಲಿ ಬೇಸರವಿತ್ತು.

"ನಿನ್ನೆ ಸರಿ ಅಂತ ಬರೆದಿದ್ದೆನಲ್ಲ ಸರ್. ನಂಬಿಕೆ ಇಲ್ಲವಾ?"

ನಾನು ನಿಜವನ್ನೇ ಹೇಳಿದೆ. "ನಂಬಿಕೆ ಇರುವುದಕ್ಕೇ ನಿಮ್ಮನ್ನು ಕರೆದಿದ್ದೇವೆ. ನನಗೆ ಅನುಮಾನವಿರುವುದು ನಮ್ಮ ಕಡೆಯ ಲೆಕ್ಕದ ಮೇಲೆ. ಮೇಡಂ ಅಂದುಕೊಂಡಿದ್ದು ತಪ್ಪಿದ್ದರೆ ಅದು ಈಗ ಗೊತ್ತಾಗಲಿ. ನೀವು ಕೆಲಸ ಮಾಡಿ ಮುಗಿಸಿದ ಮೇಲೆ ನಾನು ನಿಮ್ಮ ಬಿಲ್ ತಡೆಹಿಡಿಯುವ ಪರಿಸ್ಥಿತಿ ಬರಬಾರದು."

ಕೊನೆಯ ಮಾತು ಅವರಿಗೆ ತಟ್ಟಿತು ಎಂದು ನನ್ನ ಭಾವನೆ. ಬಿಲ್ ತಡೆಹಿಡಿಯುವುದು ಎಂದರೇನೆಂದು ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾಯುವ ನಿರ್ಧಾರ

ಭಾನುವಾರ ಸಂಜೆಯವರೆಗೂ ಲೆಕ್ಕ ಬರಲಿಲ್ಲ. ಇಲ್ಲಿ ನಿರ್ದೇಶಕಿಯವರಿಗೂ ನನಗೂ ಸ್ವಲ್ಪ ಜಟಾಪಟಿಯೇ ಆಯಿತು. ಸೋಮವಾರ ಕೆಲಸ ಶುರುವಾಗಲಿ, ಉತ್ತರ ಆಮೇಲೆ ಬರುತ್ತದೆ ಎನ್ನುವುದು ಅವರ ವಾದ. ಮೇಲ್ ತಲುಪಿದೆ, ಅವರು ಆಕ್ಷೇಪಿಸಿಲ್ಲ, ಹಾಗಾದರೆ ಒಪ್ಪಿದಂತೆಯೇ ತಾನೇ?

ಅಲ್ಲ. ಸುಮ್ಮನಿರುವುದನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ. ಷರತ್ತು ತಲುಪಿದ ಮೇಲೆ ಕೆಲಸ ಶುರು ಮಾಡಿದರೆ ಅದನ್ನೇ ಒಪ್ಪಿಗೆ ಎಂದು ವಾದಿಸಲು ಅವಕಾಶವಿದೆ, ನಿಜ. ಆದರೆ ನಾನು ಕಳಿಸಿದ್ದು ಪ್ರಶ್ನೆ. ಪ್ರಶ್ನೆಗೆ ಮೌನ ಉತ್ತರವಾಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಮ್ಮ ದತ್ತಾಂಶ ಅರ್ಧ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಇರುವಾಗ ದರದ ತಕರಾರು ಎದ್ದರೆ ನಾವು ಹಿಂದೆ ಸರಿಯಲಾರೆವು, ಅವರೂ ಬಿಟ್ಟು ಹೋಗಲಾರರು. ಸೋಮವಾರ ಬೆಳಿಗ್ಗೆಗೆ ಮುಂಚೆ ಎರಡೂ ಕಡೆಯವರಿಗೆ "ಬೇಡ" ಎನ್ನುವ ಸ್ವಾತಂತ್ರ್ಯವಿತ್ತು. ಕೆಲಸ ಶುರುವಾದ ಮೊದಲ ಗಂಟೆಯಲ್ಲೇ ಅದು ಕರಗತೊಡಗುತ್ತದೆ.

ಕೊನೆಗೆ ಒಂದು ಸರಳ ತಡೆ ಇಟ್ಟುಕೊಂಡೆವು: ಲೆಕ್ಕ ಹೊಂದುವವರೆಗೆ ಸರ್ವರ್‌ನ ಪಾಸ್‌ವರ್ಡ್ ಕೊಡುವುದಿಲ್ಲ. ಇದನ್ನು ಅವರಿಂದ ಮುಚ್ಚಿಡಲಿಲ್ಲ. "ನಿಮ್ಮ ಲೆಕ್ಕ ಬಂದ ತಕ್ಷಣ ಪಾಸ್‌ವರ್ಡ್ ಕಳಿಸುತ್ತೇನೆ" ಎಂದು ಒಂದು ಸಾಲು ಬರೆದೆ. ಭಾನುವಾರ ರಾತ್ರಿ ಹತ್ತೂವರೆಗೆ ಅವರ ಬಿಲ್ ಬಂತು.

ಸೋಮವಾರ 100. ಮಂಗಳವಾರ 50, ಏಕೆಂದರೆ ಅವರ ಪ್ರಕಾರ ಅರ್ಧ ದಿನಕ್ಕಿಂತ ಕಡಿಮೆ ಲೆಕ್ಕವಿಲ್ಲ. ಬುಧವಾರ ಹತ್ತು ಗಂಟೆಗೆ 125. ಗುರುವಾರದ ಫೋನಿಗೆ 12.5, ಫೋನ್ ಮಾತ್ರ ಅವರು ಗಂಟೆಯ ಲೆಕ್ಕದಲ್ಲಿ ಹಿಡಿಯುತ್ತಿದ್ದರು. ಶುಕ್ರವಾರ ಪ್ರಯಾಣವೂ ಸೇರಿ ಎಂಟು ಗಂಟೆ, 100. ಒಟ್ಟು 387.5. ಕೆಳಗೆ ಚಿಕ್ಕದಾಗಿ: "ಇದರ ಮೇಲೆ ತೆರಿಗೆ ಪ್ರತ್ಯೇಕ."

ಒಂದೇ ಫೋನ್ ಕರೆ, ಒಂದೇ ದರ, ಇಬ್ಬರ "ಸರಿ"ಯೂ ಆಗಿತ್ತು. ಒಂದು ವಾರದ ಲೆಕ್ಕದಲ್ಲಿ ಸರಿಯಾಗಿ ಒಂದು ದಿನದ ದರದಷ್ಟು ಅಂತರ. ತೆರಿಗೆಯದು ಬೇರೆ.

ಇಷ್ಟರ ಮೇಲೆ, ನಾನು ಕೇಳಿಯೇ ಇರದ ಸಂಗತಿಯೊಂದನ್ನು ಅವರು ತಾವಾಗಿಯೇ ಸೇರಿಸಿದ್ದರು: "ದತ್ತಾಂಶ ಶುಚಿಗೊಳಿಸುವ ಐದು ದಿನದ ಕೆಲಸ ನನ್ನ ಸಹಾಯಕ ಮಾಡುತ್ತಾನೆ, ದರ ಅದೇ." ನಿರ್ದೇಶಕಿಯವರು ಆ ಸಾಲನ್ನು ಎರಡು ಸಲ ಓದಿದರು. ದಿನಕ್ಕೆ ನೂರು ಒಪ್ಪಿದ್ದು ಈ ವ್ಯಕ್ತಿಯ ಅನುಭವಕ್ಕೆ. ಹನ್ನೆರಡರಲ್ಲಿ ಐದು ದಿನ ಬರುವವರು ಬೇರೆಯವರು ಎಂಬ ಕಲ್ಪನೆಯೇ ಅವರಿಗಿರಲಿಲ್ಲ.

ಸೋಮವಾರ ಬೆಳಿಗ್ಗೆ

ಒಂಬತ್ತಕ್ಕೆ ಮೂವರೂ ಫೋನಿನಲ್ಲಿ ಕೂತೆವು. ಈಗ ಚರ್ಚೆಗೆ ಹಿಡಿಯಲು ಏನಾದರೂ ಇತ್ತು: ಎರಡು ಬಿಲ್‌ಗಳು, ನಾಲ್ಕು ಸಾಲುಗಳಲ್ಲಿ ವ್ಯತ್ಯಾಸ. ಯಾರು ಸರಿ ಯಾರು ತಪ್ಪು ಎಂಬ ಮಾತು ಬರಲೇ ಇಲ್ಲ, ಸಾಲು ಸಾಲಾಗಿ ಹೋದೆವು.

ಶುಕ್ರವಾರದ ಸಾಲಿಗೆ ಬಂದಾಗ ಅವರು, "ಪ್ರಯಾಣ ಸೇರುತ್ತದೆ ಅಂತ ಗುರುವಾರವೇ ಹೇಳಿದ್ದೆನಲ್ಲ ಮೇಡಂ" ಎಂದರು. ನಿರ್ದೇಶಕಿಯವರು ಸ್ವಲ್ಪ ಯೋಚಿಸಿ, "ಹೌದು, ಹೇಳಿದಿರಿ. ನಾನು ಟಿಕೆಟ್ ಖರ್ಚು ಅಂದುಕೊಂಡೆ" ಎಂದರು. ಅವರು ಹೇಳಿದ್ದು ಪ್ರಯಾಣದ ಸಮಯ, ಇವರು ಕೇಳಿಸಿಕೊಂಡಿದ್ದು ಪ್ರಯಾಣದ ಖರ್ಚು. ಇಬ್ಬರೂ ಸುಳ್ಳಾಡಿರಲಿಲ್ಲ, ಇಬ್ಬರಿಗೂ ಮಾತು ಚೆನ್ನಾಗಿಯೇ ನೆನಪಿತ್ತು. ಮೂರು ತಿಂಗಳ ನಂತರ ಇದೇ ಮಾತು ಬಂದಿದ್ದರೆ ಇಬ್ಬರಿಗೂ ಎದುರಿನವರು ಮಾತು ತಿರುಗಿಸುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಒಂದೂವರೆ ಗಂಟೆಯಲ್ಲಿ ಇತ್ಯರ್ಥವಾಯಿತು. ಆ ಮಾತುಕತೆಯ ಮೇಲೆಯೇ ನಾನು ಬರೆದ ಕೊನೆಯ ಮೇಲ್ ಇದು:

> ಇಂದು ಮಾತಾಡಿ ಒಪ್ಪಿದ್ದು:
>
> ನಿಮ್ಮ ದರ ದಿನಕ್ಕೆ 100, ನಿಮ್ಮ ಸಹಾಯಕರ ದರ ದಿನಕ್ಕೆ 60. ಎರಡಕ್ಕೂ ತೆರಿಗೆ ಪ್ರತ್ಯೇಕ. ದಿನ ಎಂದರೆ 8 ಗಂಟೆ ಕೆಲಸ. ನಮ್ಮಲ್ಲಿಗೆ ಬಂದು ಮಾಡುವ ಕೆಲಸಕ್ಕೆ ಕನಿಷ್ಠ ಅರ್ಧ ದಿನ. ನಿಮ್ಮಲ್ಲಿಂದಲೇ ಮಾಡಿದರೆ ಗಂಟೆ ಲೆಕ್ಕ. 8 ಗಂಟೆ ಮೀರಿದ್ದಕ್ಕೆ ನಾವು ಮೊದಲೇ ಕೇಳಿಕೊಂಡಿದ್ದರೆ ಮಾತ್ರ ಹಣ. ಅರ್ಧ ಗಂಟೆಯೊಳಗಿನ ಫೋನ್ ಕರೆಗೆ ಲೆಕ್ಕವಿಲ್ಲ. ಪ್ರಯಾಣದ ಸಮಯಕ್ಕೆ ಅರ್ಧ ದರ.
>
> ಅಂದಾಜು: ನಿಮ್ಮದು 7 ದಿನ, ಸಹಾಯಕರದು 5 ದಿನ, ಒಟ್ಟು 1000. ಒಂಬತ್ತನೇ ದಿನ ಮುಗಿದಾಗ ಉಳಿದ ಕೆಲಸ ಎಷ್ಟೆಂದು ತಿಳಿಸುತ್ತೀರಿ. 12 ದಿನ ಮೀರುವುದಾದರೆ ಮುಂಚೆಯೇ ಬರಹದ ಒಪ್ಪಿಗೆ ಬೇಕು.
>
> ಈ ಲೆಕ್ಕದಲ್ಲಿ ನಮ್ಮ ಕಲ್ಪಿತ ವಾರ: 100 + 37.5 + 100 + 12.5 + 75 = 325.
>
> ಇದು ನಿಮಗೆ ಒಪ್ಪಿಗೆಯಿದ್ದರೆ "ಮೇಲಿನದ್ದು ಒಪ್ಪಿಗೆ" ಎಂದು ಉತ್ತರಿಸಿ. ಬದಲಾಗಬೇಕಾದ ಸಾಲಿದ್ದರೆ ಅದನ್ನೇ ತಿದ್ದಿ ಕಳಿಸಿ.

ಕಲ್ಪಿತ ವಾರದ ಮೊತ್ತವನ್ನು ಮೇಲ್‌ನಲ್ಲಿ ಉಳಿಸಿಕೊಂಡದ್ದು ಬೇಕೆಂದೇ. ಷರತ್ತಿನ ವಾಕ್ಯಕ್ಕೆ ಎರಡು ಅರ್ಥ ಬಂದರೆ ಯಾವ ಅರ್ಥದಲ್ಲಿ ಒಪ್ಪಿದ್ದೆವು ಎಂದು ಆ 325 ಹೇಳುತ್ತದೆ. ಶುಕ್ರವಾರದ 75 ನೋಡಿದವರಿಗೆ ಕೆಲಸದ 50, ಪ್ರಯಾಣದ 25 ಎಂಬುದು ಒಡನೆಯೇ ತಿಳಿಯುತ್ತದೆ.

ಹನ್ನೊಂದೂವರೆಗೆ "ಮೇಲಿನದ್ದು ಒಪ್ಪಿಗೆ" ಬಂತು. ಪಾಸ್‌ವರ್ಡ್ ಕಳಿಸಿದೆ. ಕೆಲಸ ಅರ್ಧ ದಿನ ತಡವಾಗಿ ಶುರುವಾಯಿತು. ಈ ಇಡೀ ಕಸರತ್ತಿಗೆ ನಾವು ತೆತ್ತ ಬೆಲೆ ಅಷ್ಟೇ.

ಏನಾಯಿತು

ಒಂಬತ್ತನೇ ದಿನ ಅವರು ಹೇಳಿದಂತೆಯೇ ಬರೆದರು. ನಮ್ಮ ಹಳೆಯ ಪಟ್ಟಿಯಲ್ಲಿ ಒಂದೇ ವಸ್ತುವಿಗೆ ಎರಡೆರಡು ಸಂಕೇತ ಸಂಖ್ಯೆಗಳಿದ್ದವು, ಅದನ್ನು ಬಿಡಿಸಲು ಸಹಾಯಕರಿಗೆ ಇನ್ನೆರಡು ದಿನ ಬೇಕು, ಅಂದರೆ 120 ಹೆಚ್ಚು. ಅದೇ ದಿನ ನಿರ್ದೇಶಕಿಯವರು ಒಪ್ಪಿಗೆ ಬರೆದರು. "ಸುಮಾರು ಹನ್ನೆರಡು" ಎಂಬ ಮಾತು ಹಾಗೇ ಉಳಿದಿದ್ದರೆ ಈ ಎರಡು ದಿನ ನಮಗೆ ಬಿಲ್ಲಿನಲ್ಲೇ ಗೊತ್ತಾಗುತ್ತಿತ್ತು. ಆಗಲೂ ಅದು ನ್ಯಾಯವಾದ ಬಿಲ್ಲೇ, ಆದರೆ ಯಾರೂ ಹಾಗೆ ಓದುತ್ತಿರಲಿಲ್ಲ.

ಎಲ್ಲವೂ ಸರಾಗವಾಗಲಿಲ್ಲ. ಕೊನೆಯ ಬಿಲ್ 1270 ಬಂತು. 1000ಕ್ಕೂ 120ಕ್ಕೂ ದಾಖಲೆಯಿತ್ತು, ಉಳಿದ 150 ಹೊಸದು. ವಿಚಾರಿಸಿದರೆ, ನಮ್ಮ ಗೋದಾಮಿನ ಮೇಲ್ವಿಚಾರಕರು ಅವರ ಪಕ್ಕ ನಿಂತು, "ಅವಧಿ ಮೀರುವ ಸರಕಿನದು ಒಂದು ವರದಿ ಬರುವ ಹಾಗೆ ಮಾಡಿಕೊಡ್ತೀರಾ ಸರ್?" ಎಂದು ಕೇಳಿದ್ದರು. ಅವರು ಒಂದೂವರೆ ದಿನ ಕೂತು ಮಾಡಿಕೊಟ್ಟಿದ್ದರು. ವರದಿ ಚೆನ್ನಾಗಿತ್ತು, ಗೋದಾಮಿನವರು ದಿನವೂ ಬಳಸುತ್ತಿದ್ದರು.

ಬರಹದ ಒಪ್ಪಿಗೆ ಬೇಕು ಎಂದು ಮೇಲ್‌ನಲ್ಲಿತ್ತು. ಯಾರ ಒಪ್ಪಿಗೆ ಎಂದಿರಲಿಲ್ಲ. ಗೋದಾಮಿನಲ್ಲಿ ಇಂಥದ್ದೊಂದು ಮೇಲ್ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ, ನಾನು ಅವರಿಗೆ ಅದರ ಪ್ರತಿ ಕಳಿಸಿರಲಿಲ್ಲ. ಇದು ನನ್ನ ತಪ್ಪು. ಅಕ್ಷರಕ್ಕೆ ಜೋತುಬಿದ್ದು 150ನ್ನೂ ನಿರಾಕರಿಸಬಹುದಿತ್ತು. ಹಾಗೆ ಮಾಡುವುದು ನನಗೆ ಸರಿಕಾಣಲಿಲ್ಲ, ಕೇಳಿದ್ದು ನಮ್ಮವರೇ, ಬಳಸುತ್ತಿರುವವರೂ ನಾವೇ. ಹಣ ಕೊಡುತ್ತೇವೆ ಎಂದೆ. ಕೇಳಿದಾಗ ಒಂದು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ ಎಂದು ಅವರೇ ಅರ್ಧ ದಿನ ತೆಗೆದರು. 1220ಕ್ಕೆ ಬಿಲ್ ಮುಗಿಯಿತು, ಬಂದ ವಾರದಲ್ಲೇ ಹಣ ಸಂದಾಯವಾಯಿತು.

ಈ ಪ್ರಕರಣದಿಂದ ಉಳಿದದ್ದು

ಅಂದಿನಿಂದ ನಮ್ಮ ದೃಢೀಕರಣದ ಮೇಲ್‌ಗೆ ಒಂದು ಸಾಲು ಸೇರಿದೆ: ಹೆಚ್ಚುವರಿ ಕೆಲಸಕ್ಕೆ ಇಂಥವರೊಬ್ಬರ ಬರಹದ ಒಪ್ಪಿಗೆ ಮಾತ್ರ ನಡೆಯುತ್ತದೆ. ಕನ್ಸಲ್ಟೆಂಟ್ ಜೊತೆ ದಿನವೂ ಒಡನಾಡುವ ನಮ್ಮ ಸಿಬ್ಬಂದಿಗೂ ಪ್ರತಿ ಹೋಗುತ್ತದೆ. ದರದ ಭಾಗ ತೆಗೆದು, ಈ ಸಾಲು ಮಾತ್ರ.

ಮೇಲ್ ಬರೆಯುವವರು ಫೋನಿನಲ್ಲಿ ಮಾತಾಡಿದವರಾಗಿರದಿದ್ದರೆ ಒಳ್ಳೆಯದು ಎಂಬುದೂ ನನಗೆ ಇಲ್ಲಿ ಕಂಡಿತು. ಮಾತಾಡಿದವರಿಗೆ ಎಲ್ಲ ಸ್ಪಷ್ಟವಾಗಿಯೇ ಇರುತ್ತದೆ, ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಹೊಳೆಯುವುದಿಲ್ಲ. ನನಗೆ ಪೆನ್ಸಿಲ್‌ನ "100 × 12" ಬಿಟ್ಟರೆ ಏನೂ ಗೊತ್ತಿರಲಿಲ್ಲ, ಆದ್ದರಿಂದಲೇ ದಿನ ಎಂದರೆ ಎಷ್ಟು ಎಂದು ಕೇಳಿದೆ. ಒಬ್ಬರೇ ಇದ್ದು ಎಲ್ಲ ನೋಡಿಕೊಳ್ಳುವವರು ಕರೆ ಮುಗಿದ ಗಂಟೆಯೊಳಗೆ ಕಲ್ಪಿತ ವಾರದ ಬಿಲ್ ತಾವೇ ಬರೆದು ನೋಡಬೇಕು. ಎಲ್ಲಿ ಕೈ ತಡೆಯುತ್ತದೋ ಅಲ್ಲಿ ಒಪ್ಪಂದ ಆಗಿಲ್ಲ ಎಂದರ್ಥ.

ಕಲ್ಪಿತ ವಾರವನ್ನು ಆರಿಸುವುದರಲ್ಲೂ ಎಚ್ಚರ ಬೇಕು. ಐದೂ ದಿನ ಎಂಟೆಂಟು ಗಂಟೆ ಎಂದು ಬರೆದರೆ ಇಬ್ಬರ ಲೆಕ್ಕವೂ 500 ಬಂದು ಏನೂ ಬಯಲಾಗುವುದಿಲ್ಲ. ವಾರ ಒರಟಾಗಿರಬೇಕು: ಒಂದು ಗಿಡ್ಡ ದಿನ, ಒಂದು ಉದ್ದ ದಿನ, ಒಂದು ಫೋನ್ ಮಾತ್ರದ ದಿನ, ಒಂದು ಓಡಾಟದ ದಿನ. ನನ್ನ ವಾರದಲ್ಲಿ ಎರಡನೇ ವ್ಯಕ್ತಿ ಇರಲಿಲ್ಲ, ಸಹಾಯಕರ ವಿಷಯ ಅವರ ಪ್ರಾಮಾಣಿಕತೆಯಿಂದ ಹೊರಬಂತೇ ಹೊರತು ನನ್ನ ಪ್ರಶ್ನೆಯಿಂದಲ್ಲ. ಈಗ ಗುರುವಾರಕ್ಕೆ "ನಿಮ್ಮ ಬದಲು ನಿಮ್ಮ ಕಡೆಯವರು ಬಂದರು" ಎಂದು ಸೇರಿಸುತ್ತೇನೆ. ನಮ್ಮ ಸರ್ವರ್ ಕೆಟ್ಟು ಅವರು ಬಂದು ಸುಮ್ಮನೆ ಕೂತ ಒಂದು ಬೆಳಗನ್ನೂ ಸೇರಿಸುತ್ತೇನೆ.

ಇಡೀ ಕೆಲಸಕ್ಕೆ ಒಂದೇ ಮೊತ್ತ ಎಂದು ಒಪ್ಪಿದಾಗ ಈ ವಾರದ ಬಿಲ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಗಂಟೆಯ ಪ್ರಶ್ನೆಯಿಲ್ಲ, ಕೆಲಸ ಮುಗಿಯಿತು ಎನ್ನುವುದು ಯಾವಾಗ ಎಂಬುದೇ ಪ್ರಶ್ನೆ. ಅಂಥ ಕಡೆ ನಾನು ಕೇಳುವುದು ಬೇರೆ: "ಕೊನೆಯ ದಿನ ನೀವು ನಮಗೆ ಒಪ್ಪಿಸುವುದೇನು? ಅದರ ಮರುದಿನ ನಾವು ಒಂದು ತಿದ್ದುಪಡಿ ಕೇಳಿದರೆ ಅದು ಈ ಮೊತ್ತದೊಳಗೋ ಹೊರಗೋ?" ತಿಂಗಳಿಗೆ ಇಂತಿಷ್ಟು ಗಂಟೆ ಎಂದು ಕಾಯ್ದಿರಿಸುವ ಒಪ್ಪಂದವಾದರೆ ಎರಡು ಕಲ್ಪಿತ ತಿಂಗಳು ಬೇಕಾಗುತ್ತವೆ, ಒಂದರಲ್ಲಿ ಗಂಟೆ ಉಳಿದಿರುತ್ತದೆ, ಇನ್ನೊಂದರಲ್ಲಿ ಮೀರಿರುತ್ತದೆ. ಉಳಿದದ್ದು ಮುಂದಿನ ತಿಂಗಳಿಗೆ ಹೋಗುತ್ತದೆ ಎಂದು ಹಣ ಕೊಡುವವರು ನಂಬಿರುತ್ತಾರೆ, ಅಲ್ಲಿಗೇ ಮುಗಿಯಿತು ಎಂದು ಹಣ ತೆಗೆದುಕೊಳ್ಳುವವರು ನಂಬಿರುತ್ತಾರೆ. ಫೋನಿನಲ್ಲಿ ಇಬ್ಬರೂ "ತಿಂಗಳಿಗೆ ಇಪ್ಪತ್ತು ಗಂಟೆ, ಸರಿ" ಎಂದಿರುತ್ತಾರೆ.